ಕಾಫಿಯ ಮೇಲೊಂದು ಎಲೆ, ಒಂದು ಹೂವು

ಅಮೆರಿಕದ ಸಿಯಾಟಲ್ ನಗರದಲ್ಲಿ ಡೇವಿಡ್ ಶೋಮರ್ ಎಂಬುವರು 1988ರಲ್ಲಿ ರಸ್ತೆಬದಿಯ ಗಾಡಿಯೊಂದರಲ್ಲಿ ಎಸ್ಪ್ರೆಸೊ ಮಾರಲು ಶುರುಮಾಡಿದರು. ಮುಂದೆ ಹೆಸರಾದ 'ಎಸ್ಪ್ರೆಸೊ ವಿವಾಚೆ' ಹುಟ್ಟಿದ್ದು ಹಾಗೆ. ಆ ಕಾಲದಲ್ಲಿ ಅಲ್ಲಿನ ಕಾಫಿ ಅಂಗಡಿಗಳಲ್ಲಿ ಹಾಲಿನ ನೊರೆಯೆಂದರೆ ಚಮಚದಲ್ಲಿ ತೆಗೆದು ಕಾಫಿಯ ಮೇಲೆ ಗುಡ್ಡೆ ಹಾಕುವ ಗಟ್ಟಿ ಪದಾರ್ಥ. ಅದರ ಬದಲು ಹಾಲಿನಲ್ಲೇ ಬೆರೆತು ಹರಿಯುವಷ್ಟು ನವುರಾದ ನೊರೆ ಬರಿಸಲು ಸಾಧ್ಯ ಎಂಬುದು ಗೊತ್ತಾದ ಮೇಲೆ ಆಟವೇ ಬದಲಾಯಿತು. ಜಗ್ಗಿನಿಂದ ಸುರಿಯುತ್ತಿದ್ದ ಹಾಗೇ ಬಟ್ಟಲಿನಲ್ಲಿ ಬಿಳಿ ಆಕಾರಗಳು ಮೂಡತೊಡಗಿದವು. ಶೋಮರ್ ಮೊದಲು ಹೃದಯದ ಆಕಾರವನ್ನು ಹಿಡಿತಕ್ಕೆ ತಂದುಕೊಂಡರು. ಆಮೇಲೆ ಇಟಲಿಯ ಕೆಫೆಯೊಂದರ ಫೋಟೊದಲ್ಲಿ ಕಂಡ ಎಲೆಯ ಚಿತ್ತಾರದ ಬೆನ್ನುಹತ್ತಿ 1992ರ ಹೊತ್ತಿಗೆ ಅದನ್ನೂ ಸಾಧಿಸಿದರು. ಅದೇ ರೊಸೆಟ್ಟಾ. ಇಟಲಿಯಲ್ಲೂ ಸರಿಸುಮಾರು ಅದೇ ಕಾಲದಲ್ಲಿ ಲುಯಿಜಿ ಲೂಪಿ ಎಂಬ ಬರಿಸ್ಟಾ ಇಂಥದ್ದೇ ಪ್ರಯೋಗಗಳಲ್ಲಿ ತೊಡಗಿದ್ದರು. 2005ರಿಂದ ಈ ಕಲೆಗೆ ವಿಶ್ವ ಚಾಂಪಿಯನ್‌ಶಿಪ್ಪೇ ನಡೆಯುತ್ತಿದೆ.

ಇವತ್ತು ಬೆಂಗಳೂರಿನ ಇಂದಿರಾನಗರದಲ್ಲೋ ಮೈಸೂರಿನಲ್ಲೋ ಕ್ಯಾಪುಚಿನೊ ಕೇಳಿದರೆ ಅದರ ಮೇಲೊಂದು ಹೃದಯವೋ ಎಲೆಯೋ ಇದ್ದೇ ಇರುತ್ತದೆ. ಕೆಫೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಹೃದಯವನ್ನು ಸಾಕಷ್ಟು ಬೇಗ ಕಲಿತುಬಿಡುತ್ತಾರೆ. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಹೃದಯ ಬರುವ ಕೈಗೆ ಎಲೆ ಬರುವುದಿಲ್ಲ, ಎಲೆ ಬಂದರೆ ಒಂದೇ ಕಡೆ ವಾಲುತ್ತದೆ, ಟ್ಯುಲಿಪ್‌ನ ಪದರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ರೊಸೆಟ್ಟಾ ಮತ್ತು ಟ್ಯುಲಿಪ್ ಎರಡನ್ನೂ ಹೊಸ ಚಿತ್ರಗಳೆಂದು ತಿಳಿದು ಮೊದಲಿನಿಂದ ಕಲಿಯಹೊರಡುವುದೇ ಇದಕ್ಕೆ ಮುಖ್ಯ ಕಾರಣ. ನಿಜಕ್ಕೂ ಎರಡೂ ಹೃದಯದ ಮಕ್ಕಳು. ಹೃದಯ ಮೂಡುವಾಗ ಜಗ್ಗನ್ನು ಅಲ್ಲಾಡಿಸಿದರೆ ಗೆರೆ ಬೀಳುತ್ತದೆ. ಅಲ್ಲಾಡಿಸುತ್ತಲೇ ಹಿಂದಕ್ಕೆ ಎಳೆದರೆ ಆ ಗೆರೆಗಳು ಎಲೆಯಾಗುತ್ತವೆ. ಅಲ್ಲಾಡಿಸದೆ ನಿಲ್ಲಿಸಿ, ಮತ್ತೆ ಸುರಿದು, ಮತ್ತೆ ನಿಲ್ಲಿಸಿದರೆ ಹೂವಾಗುತ್ತದೆ.

ಹೃದಯ ಮೂಡುವ ಬಗೆ ಸ್ಪಷ್ಟವಾದರೆ ಉಳಿದದ್ದು ಅರ್ಥವಾಗುತ್ತದೆ. ಎಸ್ಪ್ರೆಸೊದ ಮೇಲೆ ಕಂದುಬಣ್ಣದ ತೆಳುನೊರೆ ಇರುತ್ತದಲ್ಲ, ಅದು ಕ್ರೆಮಾ. ಹಾಲನ್ನು ಏಳೆಂಟು ಸೆಂಟಿಮೀಟರ್ ಎತ್ತರದಿಂದ ಸಣ್ಣಗೆ ಸುರಿದರೆ ಧಾರೆಗೆ ಬೀಳುವ ರಭಸವಿರುತ್ತದೆ. ಅದು ಕ್ರೆಮಾವನ್ನು ಸೀಳಿಕೊಂಡು ತಳಕ್ಕೆ ಹೋಗುತ್ತದೆ, ಮೇಲ್ಮೈ ಕಂದಾಗಿಯೇ ಉಳಿಯುತ್ತದೆ. ಅದೇ ಹಾಲನ್ನು ಜಗ್ಗಿನ ಮೂತಿ ಕಾಫಿಗೆ ಇನ್ನೇನು ತಾಗುತ್ತದೆ ಎನ್ನುವಷ್ಟು ಹತ್ತಿರ ತಂದು ಸುರಿದರೆ ರಭಸ ಇರುವುದಿಲ್ಲ. ನೊರೆ ಬೆರೆತ ಹಾಲು ಕಾಫಿಗಿಂತ ಹಗುರ, ಹಾಗಾಗಿ ಮೇಲೆಯೇ ತೇಲಿ ಬಿಳಿ ವೃತ್ತವಾಗಿ ಹರಡುತ್ತದೆ. ವೃತ್ತ ಸಾಕಷ್ಟು ದೊಡ್ಡದಾದಾಗ ಜಗ್ಗನ್ನು ಮೇಲೆತ್ತಿ, ಧಾರೆಯನ್ನು ಸಣ್ಣದು ಮಾಡಿ, ವೃತ್ತದ ನಡುವಿನಿಂದ ಎದುರು ಅಂಚಿನವರೆಗೆ ನೇರವಾಗಿ ದಾಟಿಸಿದರೆ ಧಾರೆಯು ಬಿಳಿಯನ್ನು ತನ್ನೊಂದಿಗೆ ಎಳೆದುಕೊಂಡು ಮುಳುಗುತ್ತದೆ. ವೃತ್ತದ ಒಂದು ಕಡೆ ಒಳಕ್ಕೆ ಸರಿದು ಇನ್ನೊಂದು ಕಡೆ ಚೂಪಾಗುತ್ತದೆ. ಕಟ್ ಎನ್ನುವುದು ಇದನ್ನೇ.

ಇಲ್ಲಿ ಎತ್ತರದ ಜೊತೆಗೆ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಟ್ಟಲಿನೊಳಗಿನ ದ್ರವ ಸುಮ್ಮನೆ ನಿಂತಿರುವುದಿಲ್ಲ. ಧಾರೆ ಬಿದ್ದ ಜಾಗದಿಂದ ಹರಿವು ಮುಂದಕ್ಕೆ ಸಾಗುತ್ತದೆ, ಎದುರಿನ ಗೋಡೆಗೆ ತಾಗಿ ಎಡಕ್ಕೂ ಬಲಕ್ಕೂ ಒಡೆದು ಬದಿಗಳ ಗುಂಟ ಹಿಂದಕ್ಕೆ ಬರುತ್ತದೆ. ಮೇಲೆ ತೇಲುವ ಬಿಳಿಯನ್ನು ಹರಡುವುದು, ಬಾಗಿಸುವುದು, ಸುತ್ತಿಸುವುದು ಎಲ್ಲವೂ ಈ ಹರಿವಿನದೇ ಕೆಲಸ. ಕೈ ಮಾಡಬೇಕಾದ್ದು ಮೂರೇ: ಜಗ್ಗು ಎಷ್ಟು ಹತ್ತಿರ, ಧಾರೆ ಎಷ್ಟು ದಪ್ಪ, ಮೂತಿ ಎಲ್ಲಿ. ಹೊಸಬರು ಚಿತ್ರವನ್ನು ತಾವೇ ಬರೆಯಲು ಹೋಗಿ ಮಣಿಕಟ್ಟು ಬಿಗಿ ಮಾಡಿಕೊಳ್ಳುತ್ತಾರೆ. ಪಳಗಿದವರು ಹರಿವು ಬಿಳಿಯನ್ನು ಎಲ್ಲಿಗೆ ಒಯ್ಯುತ್ತಿದೆ ಎಂದು ನೋಡುತ್ತ ಅದಕ್ಕೆ ತಕ್ಕಂತೆ ಕೈ ಸರಿಸುತ್ತಾರೆ.

ಇದೆಲ್ಲ ಹಾಲು ಸರಿಯಿದ್ದರೆ ಮಾತ್ರ. ಹಾಲು ಕೆಟ್ಟಿದ್ದರೆ ಎಂಥ ಕೈಯೂ ಎಲೆ ತೆಗೆಯಲಾರದು, ಅದರಲ್ಲೂ ರೊಸೆಟ್ಟಾಕ್ಕೆ ನೊರೆಯ ಹದ ತುಂಬ ಮುಖ್ಯ. ಲೋಟದಿಂದ ಬಟ್ಟಲಿಗೆ ಎತ್ತೆತ್ತಿ ಸುರಿದು ಬರಿಸುವ ನಮ್ಮ ಫಿಲ್ಟರ್ ಕಾಫಿಯ ನೊರೆಯಲ್ಲಿ ಕಣ್ಣಿಗೆ ಕಾಣುವ ಗುಳ್ಳೆಗಳಿರುತ್ತವೆ. ಅದು ಕುಡಿಯಲು ಚೆಂದ, ಆದರೆ ಆ ಗುಳ್ಳೆಗಳಿಂದ ಗೆರೆ ಎಳೆಯಲಾಗದು. ಲಾಟೆ ಆರ್ಟ್‌ಗೆ ಬೇಕಾದ ನೊರೆಯಲ್ಲಿ ಗುಳ್ಳೆಗಳು ಬಿಡಿಬಿಡಿಯಾಗಿ ಕಾಣಲೇಬಾರದು. ಜಗ್ಗನ್ನು ತಿರುಗಿಸಿದಾಗ ಹಾಲಿನ ಮೇಲ್ಮೈಗೆ ಆಗಷ್ಟೇ ಬಳಿದ ಪೇಂಟಿನ ಹೊಳಪು ಇರಬೇಕು.

ಕ್ರಮ ಹೀಗೆ. 180 ಮಿಲಿಲೀಟರ್ ಬಟ್ಟಲಿಗೆ 350 ಮಿಲಿಲೀಟರಿನ ಜಗ್ಗು ಸಾಕು. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಹಾಲನ್ನು ಅದರ ಅರ್ಧದಷ್ಟು, ಮೂತಿಯ ತೋಡು ಶುರುವಾಗುವ ಜಾಗಕ್ಕಿಂತ ತುಸು ಕೆಳಗಿನವರೆಗೆ ಹಾಕಬೇಕು. ಸ್ಟೀಮ್ ಕೊಳವೆಯಲ್ಲಿ ನಿಂತ ನೀರನ್ನು ಒಮ್ಮೆ ಹೊರಬಿಟ್ಟು, ಅದರ ತುದಿಯನ್ನು ಹಾಲಿನ ಮೇಲ್ಮೈಯ ಸ್ವಲ್ಪವೇ ಕೆಳಗೆ, ನಟ್ಟನಡುವಲ್ಲದೆ ತುಸು ಬದಿಗೆ ಇಟ್ಟು ಹಬೆ ಬಿಡಬೇಕು. ಆಗ ಚರ್ ಚರ್ ಎಂಬ ಸದ್ದು ಬರುತ್ತದೆ. ಹಾಲಿಗೆ ಗಾಳಿ ಸೇರುತ್ತಿರುವ ಸದ್ದು ಅದು. ಲಾಟೆಗಾದರೆ ಈ ಸದ್ದು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಬೇಡ. ಜಗ್ಗಿನ ತಣುಪು ಅಂಗೈಯಿಂದ ಬಿಡುವ ಹೊತ್ತಿಗೆ ಗಾಳಿ ಸೇರಿಸುವುದು ಮುಗಿದಿರಬೇಕು. ಆಮೇಲೆ ತುದಿಯನ್ನು ಇನ್ನಷ್ಟು ಆಳಕ್ಕಿಳಿಸಿ ಹಾಲು ಸುಳಿಯಾಗಿ ಸುತ್ತುವಂತೆ ಬಿಡಬೇಕು. ದೊಡ್ಡ ಗುಳ್ಳೆಗಳು ಒಡೆದು ಕಿರಿದಾಗಿ ಹಾಲಿನೊಳಗೆ ಹಂಚಿಹೋಗುವುದು ಈ ಸುಳಿಯಲ್ಲೇ. 55ರಿಂದ 65 ಡಿಗ್ರಿ ಸೆಲ್ಷಿಯಸ್ ನಡುವೆ ಹಬೆ ನಿಲ್ಲಿಸುವುದು ವಾಡಿಕೆ. ಥರ್ಮಾಮೀಟರ್ ಇಲ್ಲದವರು ಜಗ್ಗಿನ ಮೇಲೆ ಅಂಗೈ ಇಟ್ಟಿರಲಾಗದಷ್ಟು ಬಿಸಿಯಾದಾಗ ನಿಲ್ಲಿಸುತ್ತಾರೆ. 70 ಡಿಗ್ರಿ ದಾಟಿದರೆ ಹಾಲು ಕಾದ ವಾಸನೆ ಹೊಡೆಯುತ್ತದೆ, ಸಿಹಿಯೂ ತಗ್ಗಿದಂತಾಗುತ್ತದೆ, ನೊರೆ ಒರಟಾಗುತ್ತದೆ.

ನಮ್ಮ ಮನೆಗಳಲ್ಲಿ ಪ್ಯಾಕೆಟ್ ಹಾಲನ್ನು ತಂದ ಕೂಡಲೇ ಕಾಯಿಸಿಡುವ ರೂಢಿಯಿದೆ. ಲಾಟೆ ಆರ್ಟ್ ಕಲಿಯಲು ಹೊರಟವರು ಅಷ್ಟನ್ನು ಬಿಡಬೇಕಾಗುತ್ತದೆ. ಕಾಯಿಸಿ ಆರಿಸಿದ ಹಾಲಿನ ಮೇಲೆ ಕೆನೆ ಕಟ್ಟುತ್ತದೆ, ಆ ಕೆನೆಯ ಚೂರುಗಳು ನೊರೆಯೊಳಗೆ ಸಿಕ್ಕಿಕೊಂಡು ಗೆರೆಗಳನ್ನು ಹರಿಯುತ್ತವೆ. ಪಾಶ್ಚರೀಕರಿಸಿದ ಪ್ಯಾಕೆಟ್ ಹಾಲನ್ನು ಕೆಫೆಗಳಲ್ಲಿ ಫ್ರಿಜ್ಜಿನಿಂದ ನೇರ ಜಗ್ಗಿಗೆ ಸುರಿಯುತ್ತಾರೆ. ಟೋನ್ಡ್ ಹಾಲಿನಲ್ಲಿ 3 ಶೇಕಡ ಕೊಬ್ಬು, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಗುಳ್ಳೆಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನು, ಕೊಬ್ಬಿನದು ಬಾಯಿಗೆ ನವುರು ಕೊಡುವ ಕೆಲಸ. ಹಾಗಾಗಿ ನೀಲಿ ಪ್ಯಾಕೆಟ್ಟಿನ ನಂದಿನಿ ಟೋನ್ಡ್ ಹಾಲಿನಲ್ಲೂ ನೊರೆ ಚೆನ್ನಾಗಿಯೇ ಬರುತ್ತದೆ. ರುಚಿ ಮತ್ತು ಹರಿವು ಎರಡಕ್ಕೂ 4.5ರ ಹಾಲು ಹೆಚ್ಚು ಹೊಂದುತ್ತದೆ. ಕೊಬ್ಬಿಗಿಂತ ದೊಡ್ಡ ಪ್ರಶ್ನೆ ತಾಜಾತನದ್ದು. ಹಳೆಯದಾದ ಹಾಲಿನಲ್ಲಿ ಕೊಬ್ಬು ಒಡೆದು ಬಿಡುಗಡೆಯಾಗುವ ಆಮ್ಲಗಳು ನೊರೆಯನ್ನು ಕುಸಿಯುವಂತೆ ಮಾಡುತ್ತವೆ. ನಿನ್ನೆ ಚೆನ್ನಾಗಿ ಬಂದ ನೊರೆ ಇವತ್ತು ಬಾರದಿದ್ದರೆ ಕೈಯನ್ನು ಬೈದುಕೊಳ್ಳುವ ಮೊದಲು ಪ್ಯಾಕೆಟ್ಟಿನ ಮೇಲಿನ ತಾರೀಕು ನೋಡುವುದು ಒಳ್ಳೆಯದು. ಒಮ್ಮೆ ಹಬೆ ಕೊಟ್ಟು ಉಳಿದ ಹಾಲಿಗೆ ಮತ್ತೊಮ್ಮೆ ಹಬೆ ಕೊಟ್ಟರೂ ಮೊದಲಿನ ನೊರೆ ಸಿಗುವುದಿಲ್ಲ.

ಬಿಳಿಗೆ ಹಿನ್ನೆಲೆಯಾಗುವ ಕಂದು ಬಣ್ಣವೂ ಬೇಕಲ್ಲ. 18 ಗ್ರಾಂ ಪುಡಿಯಿಂದ ಅರ್ಧ ನಿಮಿಷದೊಳಗೆ ಸುಮಾರು 36 ಗ್ರಾಂ ಎಸ್ಪ್ರೆಸೊ ಇಳಿಸುವುದು ಈಗ ಎಲ್ಲೆಡೆ ಕಾಣುವ ಲೆಕ್ಕ. ರೊಬಸ್ಟಾ ಬೆರೆತ ಪುಡಿಯಲ್ಲಿ ಕ್ರೆಮಾ ದಪ್ಪಗೆ ನಿಲ್ಲುತ್ತದೆ. ಕೊಡಗಿನ ಮತ್ತು ಚಿಕ್ಕಮಗಳೂರಿನ ರೊಬಸ್ಟಾವನ್ನು ಇಟಲಿಯ ಎಸ್ಪ್ರೆಸೊ ಮಿಶ್ರಣಗಳಿಗಾಗಿ ಕೊಳ್ಳಲು ಇದೂ ಒಂದು ಕಾರಣ. ಆದರೆ ಕ್ರೆಮಾ ತೀರ ದಪ್ಪವಾದರೆ ಮೊದಲ ಹಾಲಿನೊಂದಿಗೆ ಸರಿಯಾಗಿ ಬೆರೆಯದೆ ಮೇಲೆ ಚುಕ್ಕೆಚುಕ್ಕೆಯಾಗಿ ಉಳಿದುಬಿಡುತ್ತದೆ. ಆಗಷ್ಟೇ ಹುರಿದ ಬೀಜದಲ್ಲೂ ಇದೇ ತೊಂದರೆ. ಅಂಥ ಬಟ್ಟಲನ್ನು ಹಾಲು ಸುರಿಯುವ ಮುಂಚೆ ಒಮ್ಮೆ ಮೆಲ್ಲಗೆ ತಿರುಗಿಸಿದರೆ ಕ್ರೆಮಾ ಸಮವಾಗುತ್ತದೆ.

ಈಗ ಒಂದು ಬಟ್ಟಲನ್ನು ಹಿಡಿದು ರೊಸೆಟ್ಟಾ ಸುರಿಯುವುದನ್ನು ಹತ್ತಿರದಿಂದ ನೋಡೋಣ.

ಬಲಗೈಯವರಾದರೆ ಬಟ್ಟಲು ಎಡಗೈಯಲ್ಲಿ, ಹಿಡಿ ತಮ್ಮ ಕಡೆಗೆ. ಜಗ್ಗಿನ ಮೂತಿ ಹಿಡಿಗೆ ಅಡ್ಡಲಾಗಿ ಬರುವಂತೆ ನಿಂತರೆ ಕುಡಿಯುವವರ ಕೈಗೆ ಬಟ್ಟಲು ಹೋದಾಗ ಎಲೆ ನೆಟ್ಟಗೆ ಕಾಣುತ್ತದೆ. ಬಟ್ಟಲನ್ನು ಜಗ್ಗಿನ ಕಡೆಗೆ ಚೆನ್ನಾಗಿ ಓರೆ ಮಾಡಬೇಕು. ಓರೆ ಮಾಡಿದಾಗ ಕಾಫಿ ಅಂಚಿನ ಹತ್ತಿರಕ್ಕೆ ಬರುತ್ತದೆ, ಜಗ್ಗಿನ ಮೂತಿಯನ್ನು ಮೇಲ್ಮೈಗೆ ತಾಗುವಷ್ಟು ತರಲು ದಾರಿಯಾಗುತ್ತದೆ. ಸುರಿಯುವ ಮುನ್ನ ಜಗ್ಗನ್ನು ತಿರುಗಿಸುತ್ತಲೇ ಇರಬೇಕು. ಒಂದೆರಡು ಸೆಕೆಂಡು ಸುಮ್ಮನಿಟ್ಟರೂ ನೊರೆ ಮೇಲಕ್ಕೇರಿ ಹಾಲು ಕೆಳಗುಳಿಯುತ್ತದೆ.

ಮೊದಲ ಹಂತ ಬೆರೆಸುವುದು. ಎತ್ತರದಿಂದ ಸಣ್ಣ ಧಾರೆ, ಒಂದೇ ಕಡೆ ಬೀಳದಂತೆ ಸ್ವಲ್ಪ ಸುತ್ತಾಡಿಸುತ್ತ, ಬಟ್ಟಲು ಅರ್ಧ ತುಂಬುವವರೆಗೆ. ಮೇಲ್ಮೈ ಒಂದೇ ಬಣ್ಣದ ಕಂದಾಗಿ ನಿಂತಿರಬೇಕು. ಇಲ್ಲಿ ಬಿಳಿಯ ಮಚ್ಚೆ ಬಿದ್ದರೆ ಅದು ಕೊನೆಯವರೆಗೂ ಎಲೆಯ ಪಕ್ಕದಲ್ಲಿ ಕಾಣುತ್ತಿರುತ್ತದೆ.

ಆಮೇಲೆ ಜಗ್ಗು ಕೆಳಗಿಳಿಯುತ್ತದೆ, ಧಾರೆ ದಪ್ಪವಾಗುತ್ತದೆ. ಈ ಎರಡೂ ಒಟ್ಟಿಗೆ ಆಗಬೇಕು, ಎಷ್ಟೋ ಮಂದಿಗೆ ರೊಸೆಟ್ಟಾ ಕೈತಪ್ಪುವುದು ಇಲ್ಲೇ. ಬಟ್ಟಲು ತುಂಬಿಹೋದೀತು ಎಂಬ ಹೆದರಿಕೆಯಿಂದ ಜಗ್ಗನ್ನು ಹತ್ತಿರ ತಂದವರು ಧಾರೆಯನ್ನು ಸಣ್ಣದು ಮಾಡುತ್ತಾರೆ. ಸಣ್ಣ ಧಾರೆಯಲ್ಲಿ ನೊರೆ ಜಗ್ಗಿನಲ್ಲೇ ಉಳಿದು ಬರೀ ಹಾಲು ಹೊರಬರುತ್ತದೆ, ಬಿಳಿ ಕಾಣುವುದೇ ಇಲ್ಲ. ಬಿಳಿ ಬೇಕಾದಾಗ ಧಾರಾಳವಾಗಿ ಸುರಿಯಬೇಕು. ಹೃದಯದಲ್ಲಿ ಈ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ, ಯಾಕೆಂದರೆ ಅಲ್ಲಿ ಜಗ್ಗು ಒಂದೇ ಕಡೆ ನಿಂತಿರುತ್ತದೆ, ತಡವಾಗಿಯಾದರೂ ವೃತ್ತ ಮೂಡುತ್ತದೆ. ರೊಸೆಟ್ಟಾದಲ್ಲಿ ಅಷ್ಟು ಹೊತ್ತು ಸಿಗದು.

ಬಟ್ಟಲಿನ ನಡುವೆ ಬಿಳಿ ಕಂಡ ಕ್ಷಣದಲ್ಲೇ ಅಲ್ಲಾಡಿಸುವುದು ಶುರು. ವಿಗಲ್ ಎಂದು ಬರಿಸ್ಟಾಗಳು ಕರೆಯುವ ಈ ಚಲನೆ ತೋಳಿನದಲ್ಲ. ಮೊಣಕೈ ಮೈಗೆ ಹತ್ತಿರವೇ ಇರುತ್ತದೆ. ಜಗ್ಗಿನ ಹಿಡಿಯನ್ನು ಬೆರಳುಗಳಲ್ಲಿ ಸಡಿಲವಾಗಿ ಹಿಡಿದು ಮಣಿಕಟ್ಟಿನಿಂದ ಎಡಬಲಕ್ಕೆ ತೂಗಬೇಕು. ಮೂತಿ ಅತ್ತಿತ್ತ ಹೋಗುವ ದೂರ ಒಂದೂವರೆ ಸೆಂಟಿಮೀಟರ್ ಆದರೆ ಹೆಚ್ಚು. ಜಗ್ಗಿನೊಳಗಿನ ಹಾಲು ತಾನೇ ಅತ್ತಿತ್ತ ತುಳುಕಲು ತೊಡಗುತ್ತದೆ, ಕೈ ಆ ತುಳುಕಿನ ಲಯಕ್ಕೆ ಹೊಂದಿಕೊಂಡರೆ ಶ್ರಮವೇ ಬೇಕಿಲ್ಲ. ಪ್ರತಿ ತೂಗಿಗೂ ಒಂದು ಬಿಳಿ ಗೆರೆ ಬೀಳುತ್ತದೆ, ಎರಡು ಬಿಳಿಗಳ ನಡುವೆ ಒಂದು ಕಂದು ಗೆರೆ ಸಿಕ್ಕಿಕೊಳ್ಳುತ್ತದೆ. ಹಿಂದಿನ ಗೆರೆಯನ್ನು ಹೊಸ ಗೆರೆ ಮುಂದಕ್ಕೆ ತಳ್ಳುತ್ತದೆ, ಮುಂದೆ ಹೋದದ್ದು ಎದುರು ಗೋಡೆಯಿಂದ ಮರಳುವ ಹರಿವಿಗೆ ಸಿಕ್ಕಿ ಎರಡೂ ಬದಿಗೆ ಬಾಗುತ್ತದೆ. ಇಲ್ಲಿಗೇ ನಿಲ್ಲಿಸಿ ಕಟ್ ಮಾಡಿದರೆ ಗೆರೆಗೆರೆಯ ಹೃದಯ ಸಿಗುತ್ತದೆ. ರೊಸೆಟ್ಟಾಕ್ಕೆ ಕೈಹಾಕುವ ಮೊದಲು ಈ ಗೆರೆಯ ಹೃದಯವನ್ನು ಪಳಗಿಸಿಕೊಳ್ಳುವುದು ಅತಿ ಸುಲಭದ ಮೆಟ್ಟಿಲು. ವಿಗಲ್ ಸರಿಯಿದೆಯೇ ಇಲ್ಲವೇ ಎಂಬುದನ್ನು ಹಿಂದಕ್ಕೆಳೆಯುವ ಗೊಂದಲವಿಲ್ಲದೆ ಅದರಲ್ಲೇ ನೋಡಿಕೊಳ್ಳಬಹುದು. ಎಡಬಲದ ಗೆರೆಗಳು ಒಂದೇ ಅಗಲ ಇವೆಯೇ, ಕಂದು ಗೆರೆ ಸ್ಪಷ್ಟವಾಗಿ ಉಳಿದಿದೆಯೇ? ತೀರ ವೇಗವಾಗಿ ಅಲ್ಲಾಡಿಸಿದರೆ ಗೆರೆಗಳು ಕಲಸಿ ಒಂದೇ ಬಿಳಿಯಾಗುತ್ತವೆ. ತೀರ ನಿಧಾನವಾದರೆ ಎರಡು ಮೂರು ದಪ್ಪ ಪಟ್ಟಿಗಳಷ್ಟೇ ಉಳಿಯುತ್ತವೆ.

ರೊಸೆಟ್ಟಾದಲ್ಲಿ ಮುಂದಿನದು ಹಿಂದಕ್ಕೆ ಸರಿಯುವುದು, ಅಂದರೆ ಚಿತ್ರವನ್ನು ಉದ್ದಕ್ಕೆ ಹಿಗ್ಗಿಸುವುದು. ಇದರಲ್ಲಿ ಕಷ್ಟವಾದದ್ದು ಸರಿಯದೇ ಇರುವುದು! ಬಿಳಿ ಕಂಡ ಖುಷಿಗೆ ಕೈ ತಾನಾಗಿಯೇ ಹಿಂದಕ್ಕೋಡುತ್ತದೆ. ಆದರೆ ಬುಡದಲ್ಲಿ ನಾಲ್ಕೈದು ಗೆರೆಗಳು ಬಾಗಿ, ಬಟ್ಟಲಿನ ಬದಿಗಳನ್ನು ಅಪ್ಪುವವರೆಗೆ ಮೂತಿ ನಡುವಿನಲ್ಲೇ ನಿಂತು ಅಲ್ಲಾಡುತ್ತಿರಬೇಕು. ಎಲೆಯ ಅಗಲ ತೀರ್ಮಾನವಾಗುವುದು ಅಲ್ಲಿ. ಆಮೇಲೆ ಅಲ್ಲಾಡಿಸುವ ಲಯ ಬದಲಿಸದೆ, ಅಲ್ಲಾಟದ ಅಗಲವನ್ನು ಮಾತ್ರ ಕಿರಿದಾಗಿಸುತ್ತ ಜಗ್ಗಿನ ಕಡೆಯ ಅಂಚಿನತ್ತ ಸರಿಯಬೇಕು. ಜೊತೆಗೆ ಎಡಗೈ ಬಟ್ಟಲಿನ ಓರೆಯನ್ನು ನಿಧಾನವಾಗಿ ತಗ್ಗಿಸುತ್ತ ನೆಟ್ಟಗೆ ಮಾಡುತ್ತಿರುತ್ತದೆ, ಇಲ್ಲವಾದರೆ ಕಾಫಿ ಚೆಲ್ಲುತ್ತದೆ. ಹಿಂದಕ್ಕೆ ಸರಿಯುವ ವೇಗವೇ ಎಲೆಗಳ ನಡುವಿನ ಅಂತರ. ಬೇಗ ಸರಿದರೆ ಎಲೆಗಳು ದೂರದೂರ ಬಿದ್ದು ಅಂಕುಡೊಂಕಾದ ಒಂದೇ ಗೆರೆಯಾಗುತ್ತದೆ. ನಿಧಾನವಾದರೆ ಒತ್ತೊತ್ತಾಗಿ ಬೀಳುತ್ತವೆ. ಅಂಚಿಗೆ ಬಂದಾಗ ಅಲ್ಲಾಟ ನಿಲ್ಲಿಸಿ ಒಂದು ಕ್ಷಣ ಅಲ್ಲೇ ಸುರಿದರೆ ತುದಿಯಲ್ಲೊಂದು ಪುಟ್ಟ ಹೃದಯ ಕೂರುತ್ತದೆ.

ಕೊನೆಯದು ಕಟ್. ಜಗ್ಗನ್ನು ನಾಲ್ಕೈದು ಸೆಂಟಿಮೀಟರ್ ಮೇಲೆತ್ತಿ, ಧಾರೆಯನ್ನು ದಾರದಷ್ಟು ಸಣ್ಣಗೆ ಇಳಿಸಿ, ತುದಿಯಿಂದ ಬುಡದವರೆಗೆ ಎಲೆಯ ನಡುವೆ ನೇರವಾಗಿ ಸಾಗಬೇಕು. ಮೊದಲು ಎತ್ತುವುದು, ಆಮೇಲೆ ಸಾಗುವುದು. ಎತ್ತುವ ಮೊದಲೇ ಸಾಗಿದರೆ ಧಾರೆ ಮುಳುಗದೆ ಎಲೆಯ ನಡುವೆ ದಪ್ಪ ಬಿಳಿ ಪಟ್ಟಿ ಬಳಿದಂತಾಗುತ್ತದೆ. ಧಾರೆ ದಪ್ಪವಾಗಿದ್ದರೆ ಅಥವಾ ಕೈ ನಿಧಾನವಾದರೆ ಅದು ಎರಡೂ ಬದಿಯ ಎಲೆಗಳನ್ನು ಒಳಕ್ಕೆಳೆದುಕೊಂಡು ಮುಳುಗಿಸುತ್ತದೆ, ಅಗಲವಾಗಿದ್ದ ಎಲೆ ಕಣ್ಣೆದುರೇ ಮುದುಡುತ್ತದೆ. ಹೃದಯದಲ್ಲಿ ಕಟ್ ದಾಟಬೇಕಾದ್ದು ಒಂದೇ ಬಿಳಿ ತುಂಡನ್ನು, ರೊಸೆಟ್ಟಾದಲ್ಲಿ ಹತ್ತಾರು ತೆಳುಗೆರೆಗಳನ್ನು. ಹಾಗಾಗಿ ಹೃದಯಕ್ಕೆ ಒಗ್ಗಿದ ಕಟ್ ಇಲ್ಲಿ ಭಾರವಾಗುತ್ತದೆ. ಬುಡ ದಾಟಿದ ಕೂಡಲೇ ಧಾರೆಯನ್ನು ಕತ್ತರಿಸಬೇಕು, ಅಂಚಿನಲ್ಲಿ ಉಳಿದ ಒಂದು ಹನಿಯೂ ತೊಟ್ಟಿನ ಜಾಗದಲ್ಲಿ ಬಿಳಿ ಬೊಟ್ಟಾಗುತ್ತದೆ. ಬೆರೆಸುವುದರಿಂದ ಕಟ್‌ವರೆಗೆ ಇಷ್ಟಕ್ಕೂ ಹತ್ತು ಸೆಕೆಂಡಿನ ಆಸುಪಾಸು.

ಟ್ಯುಲಿಪ್ ಬೇರೆಯೇ ಸ್ವಭಾವದ್ದು. ರೊಸೆಟ್ಟಾದಲ್ಲಿ ಧಾರೆ ಒಮ್ಮೆ ಶುರುವಾದರೆ ನಿಲ್ಲುವುದೇ ಇಲ್ಲ, ಟ್ಯುಲಿಪ್‌ನಲ್ಲಿ ನಿಲ್ಲಿಸುವುದೇ ವಿದ್ಯೆ. ಬೆರೆಸುವವರೆಗೆ ಎಲ್ಲವೂ ಒಂದೇ. ಆಮೇಲೆ ಮೂತಿಯನ್ನು ಹತ್ತಿರ ತಂದು ನಡುವಿನಲ್ಲಿ ಧಾರಾಳವಾಗಿ ಸುರಿದು, ತುಸು ಮುಂದಕ್ಕೆ ತಳ್ಳಿ, ಮೊದಲ ಬಿಳಿ ಗುಂಡನ್ನು ಕೂರಿಸಿ ನಿಲ್ಲಿಸಬೇಕು. ನಿಲ್ಲಿಸುವುದೆಂದರೆ ಜಗ್ಗನ್ನು ಮೇಲೆತ್ತುವುದಲ್ಲ. ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿ ಮೂತಿಯನ್ನಷ್ಟೇ ಮೇಲಕ್ಕೆ ತಿರುಗಿಸಬೇಕು. ಎತ್ತಿ ನಿಲ್ಲಿಸಿದರೆ ಕೊನೆಯ ಹನಿಗಳು ಎತ್ತರದಿಂದ ಬಿದ್ದು ಗುಂಡಿನ ನಡುವೆ ಕಂದು ತೂತು ಮಾಡುತ್ತವೆ.

ಎರಡನೆಯ ಸಲ ಮೂತಿ ಒಂದೂವರೆ ಎರಡು ಸೆಂಟಿಮೀಟರ್ ಹಿಂದೆ ಬಂದು ಮತ್ತೆ ಸುರಿಯುತ್ತ ಮುಂದಕ್ಕೆ ತಳ್ಳುತ್ತದೆ. ಹೊಸ ಗುಂಡು ಹಳೆಯದರ ಬೆನ್ನಿಗೆ ಒತ್ತಿದಾಗ ಹಳೆಯದು ನಡುವೆ ಒಳಬಾಗಿ ಅರ್ಧಚಂದ್ರದಂತೆ ಇದರ ಸುತ್ತ ತಿರುಗುತ್ತದೆ. ಎರಡರ ನಡುವೆ ಕಂದು ಬಣ್ಣದ ತೆಳುಗೆರೆ ಉಳಿದರೆ ತಳ್ಳಿದ್ದು ಸರಿಯಾಗಿದೆ ಎಂದರ್ಥ. ತಳ್ಳದೆ ಬರೀ ಹಿಂದೆ ಸರಿದು ಸುರಿದರೆ ಒಂದರ ಹಿಂದೊಂದು ಎರಡು ಚುಕ್ಕೆಗಳು ಬೀಳುತ್ತವೆ, ಹೂವಿನ ದಳವಾಗುವುದಿಲ್ಲ. ಹಿಂದೆ ಸರಿಯದೆ ಅದೇ ಜಾಗದಲ್ಲಿ ಸುರಿದರೆ ಹಳೆಯದರೊಳಗೇ ಸೇರಿಹೋಗುತ್ತದೆ.

ಟ್ಯುಲಿಪ್‌ಗೆ ಹಾಲಿನ ಲೆಕ್ಕವೂ ಬೇಕು. 180 ಮಿಲಿಲೀಟರ್ ಬಟ್ಟಲಲ್ಲಿ ಎಸ್ಪ್ರೆಸೊ 36 ಆಯಿತು, ಬೆರೆಸಲು ಸುಮಾರು 60 ಹೋಯಿತು ಎಂದುಕೊಂಡರೆ ಚಿತ್ರಕ್ಕೆ ಉಳಿಯುವುದು 80ರ ಆಸುಪಾಸು. ಮೂರು ಪದರದ ಟ್ಯುಲಿಪ್‌ನಲ್ಲಿ ಬುಡದ ಗುಂಡಿಗೆ ಇದರ ಅರ್ಧದಷ್ಟು ಕೊಟ್ಟರೂ ತಪ್ಪಿಲ್ಲ, ಯಾಕೆಂದರೆ ಉಳಿದೆರಡೂ ಅದರ ತೆಕ್ಕೆಯೊಳಗೇ ಕೂರಬೇಕು. ಎರಡನೆಯದು ಅದಕ್ಕಿಂತ ಚಿಕ್ಕದು, ತುದಿಯ ಹೃದಯ ಇನ್ನೂ ಚಿಕ್ಕದು. ಹೊಸಬರು ಬುಡಕ್ಕೆ ಕಡಿಮೆ ಕೊಟ್ಟು ತುದಿಗೆ ಬಂದಾಗ ಕೈಲಿ ಹಾಲು ಮಿಕ್ಕಿತೆಂದು ಸುರಿದುಬಿಡುತ್ತಾರೆ. ಆಗ ಮೇಲಿನ ಹೃದಯ ಕೆಳಗಿನ ದಳಗಳನ್ನೆಲ್ಲ ಅಂಚಿಗೆ ಒತ್ತಿ ತಾನೊಂದೇ ಕಾಣುತ್ತದೆ. ತುದಿಯ ಹೃದಯ ಮೂಡಿದ ಮೇಲೆ ಅದರಿಂದಲೇ ಜಗ್ಗು ಮೇಲೇಳುತ್ತದೆ, ಕಟ್ ಎಲ್ಲ ಪದರಗಳ ನಡುವೆ ಹಾದು ಬುಡದ ಆಚೆ ಮುಗಿಯುತ್ತದೆ. ಬುಡದ ಗುಂಡನ್ನು ಮೂಡಿಸುವಾಗ ವಿಗಲ್ ಸೇರಿಸಿದರೆ ಬುಡ ಗೆರೆಗೆರೆಯಾಗಿ, ಮೇಲೆ ನುಣ್ಣನೆಯ ದಳಗಳು ಕೂತು ಎರಡೂ ವಿದ್ಯೆ ಒಂದೇ ಬಟ್ಟಲಲ್ಲಿ ಕಾಣುತ್ತವೆ. ಸ್ಪರ್ಧೆಗಳಲ್ಲಿ ಕಾಣುವ ಹಂಸ, ನವಿಲಿನಂಥ ಚಿತ್ರಗಳನ್ನು ಬಿಡಿಸಿ ನೋಡಿದರೂ ಹೆಚ್ಚಿನವುಗಳ ಒಳಗೆ ಈ ಗೆರೆ, ಎಲೆ ಮತ್ತು ಪದರಗಳೇ ಸಿಗುತ್ತವೆ.

ನಿಲ್ಲಿಸಿ ನಿಲ್ಲಿಸಿ ಸುರಿಯುವ ಟ್ಯುಲಿಪ್‌ಗೆ ಹೊತ್ತು ಒಂದು ಶತ್ರು. ಪ್ರತಿ ನಿಲುಗಡೆಯಲ್ಲೂ ಜಗ್ಗಿನ ನೊರೆ ಮೇಲೇರುತ್ತಿರುತ್ತದೆ, ಬಟ್ಟಲಿನ ಮೇಲ್ಮೈ ಬಿಗಿಯುತ್ತಿರುತ್ತದೆ. ತಡಮಾಡಿದರೆ ಮೂರನೆಯ ಗುಂಡು ಎರಡನೆಯದನ್ನು ಬಾಗಿಸಲಾರದು, ಅದರ ಮೇಲೆಯೇ ಗುಬುಟಾಗಿ ಕೂರುತ್ತದೆ. ಆದರೂ ಟ್ಯುಲಿಪ್ ನೊರೆಯ ವಿಷಯದಲ್ಲಿ ರೊಸೆಟ್ಟಾದಷ್ಟು ಹಠಮಾರಿಯಲ್ಲ. ನೊರೆ ಸ್ವಲ್ಪ ದಪ್ಪವಾದರೂ ಟ್ಯುಲಿಪ್ ಮೂಡುತ್ತದೆ, ರೊಸೆಟ್ಟಾದಲ್ಲಿ ಅದೇ ನೊರೆಯಿಂದ ಗೆರೆಗಳ ಬದಲು ಬಿಳಿ ಮುದ್ದೆ ಬರುತ್ತದೆ. ನೊರೆ ತೀರ ತೆಳುವಾದರೆ ಎರಡೂ ಮಸುಕು. ಅದಕ್ಕೇ ಕ್ಯಾಪುಚಿನೊ ಕೇಳಿದಾಗ ಟ್ಯುಲಿಪ್, ಲಾಟೆ ಅಥವಾ ಫ್ಲಾಟ್ ವೈಟ್ ಕೇಳಿದಾಗ ರೊಸೆಟ್ಟಾ ಸುರಿಯುವ ಬರಿಸ್ಟಾಗಳಿದ್ದಾರೆ. ಅದು ಸರಿಯಾದ ಆಯ್ಕೆಯೇ.

ಪ್ರತಿ ಸಲವೂ ಹಾಲು, ಕಾಫಿ ಸುರಿದು ಅಭ್ಯಾಸ ಮಾಡುವುದು ದುಬಾರಿ. ಜಗ್ಗಿನಲ್ಲಿ ತಣ್ಣೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬೆರೆಸಿ ಹಬೆ ಕೊಟ್ಟರೆ ಹಾಲಿನ ನೊರೆಯನ್ನು ಹೋಲುವ ನೊರೆ ಬರುತ್ತದೆ. ಗಾಳಿ ಸೇರಿಸುವ ಹೊತ್ತು, ಸುಳಿ ಎಬ್ಬಿಸುವ ಕೋನ ಇವನ್ನು ಅದರಲ್ಲೇ ಪಳಗಿಸಿಕೊಳ್ಳಬಹುದು. ಅಭ್ಯಾಸ ಮುಗಿದ ಮೇಲೆ ಜಗ್ಗನ್ನೂ ಕೊಳವೆಯನ್ನೂ ಚೆನ್ನಾಗಿ ತೊಳೆಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ. ಎಸ್ಪ್ರೆಸೊದ ಬದಲು ಬಿಸಿನೀರಿನಲ್ಲಿ ಕೋಕೊ ಪುಡಿ ಕಲಸಿ ಹಿನ್ನೆಲೆ ಮಾಡಿಕೊಳ್ಳುವವರೂ ಇದ್ದಾರೆ. ವಿಗಲ್‌ನ ಲಯಕ್ಕಂತೂ ಜಗ್ಗಿನಲ್ಲಿ ಬರೀ ನೀರಿದ್ದರೆ ಸಾಕು. ಸಿಂಕಿನ ಮೇಲೆ ಧಾರೆಯ ದಪ್ಪ ಬದಲಾಗದಂತೆ ಅಲ್ಲಾಡಿಸುತ್ತ ಹಿಂದೆ ಸರಿಯುವುದನ್ನು ಎಷ್ಟು ಹೊತ್ತಾದರೂ ಮಾಡಬಹುದು.

ಸುರಿದಾದ ಬಟ್ಟಲನ್ನು ಓದುವ ಅಭ್ಯಾಸ ಇದಕ್ಕಿಂತ ಹೆಚ್ಚು ಕಲಿಸುತ್ತದೆ. ಎಲೆ ಒಂದು ಪಕ್ಕಕ್ಕೆ ವಾಲಿದ್ದರೆ ಬಹುಪಾಲು ತಪ್ಪು ಮಣಿಕಟ್ಟಿನದಲ್ಲ, ಬಟ್ಟಲು ಬದಿಗೆ ಓರೆಯಾಗಿತ್ತು ಅಥವಾ ಮೂತಿ ನಟ್ಟನಡುವೆ ಇರಲಿಲ್ಲ. ಬಲಗಡೆಯ ಎಲೆಗಳು ಮಾತ್ರ ಉದ್ದವಾಗಿದ್ದರೆ ಕೈ ಆ ಕಡೆಗೆ ಹೆಚ್ಚು ತೂಗಿದೆ. ಇಡೀ ಚಿತ್ರ ಜಗ್ಗಿನ ಕಡೆಯ ಅಂಚಿನಲ್ಲೇ ಕುಗ್ಗಿ, ಎದುರು ಕಡೆ ಬರೀ ಕಂದು ಉಳಿದಿದ್ದರೆ ಶುರುಮಾಡಿದ್ದು ತಡವಾಗಿದೆ. ಬಟ್ಟಲು ಮುಕ್ಕಾಲು ತುಂಬಿದ ಮೇಲೆ ಹರಿವಿಗೆ ಬಿಳಿಯನ್ನು ಮುಂದೊಯ್ಯುವಷ್ಟು ಅವಕಾಶವಿರುವುದಿಲ್ಲ. ಬದಲಿಗೆ ಚಿತ್ರ ಎಲ್ಲ ಕಡೆ ಹರಡಿ ಮಸುಕಾಗಿದ್ದರೆ ಬೇಗ ಶುರುವಾಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮುಂದಿನ ಬಟ್ಟಲು ಸುರಿದರೆ ಕಾರಣ ಹಿಡಿಯುವುದು ಸುಲಭ.

ಬಟ್ಟಲಿನ ಆಕಾರವೂ ಲೆಕ್ಕಕ್ಕೆ ಬರುತ್ತದೆ. ತಳ ಗುಂಡಗಿದ್ದು ಬಾಯಿ ಅಗಲವಾದ ಪಿಂಗಾಣಿ ಬಟ್ಟಲಿನಲ್ಲಿ ಹರಿವು ಸಲೀಸಾಗಿ ತಿರುಗುತ್ತದೆ, ಎಲೆಗಳು ತಾವಾಗಿ ಬಾಗುತ್ತವೆ. ಪಾರ್ಸೆಲ್‌ಗೆ ಕೊಡುವ ಉದ್ದನೆಯ ಕಾಗದದ ಲೋಟದಲ್ಲಿ ಕಾಫಿ ತೀರ ಆಳದಲ್ಲಿರುತ್ತದೆ, ಎಷ್ಟು ಓರೆ ಮಾಡಿದರೂ ಮೂತಿ ಮೇಲ್ಮೈ ಮುಟ್ಟುವುದಿಲ್ಲ. ಅಂಥ ಲೋಟದಲ್ಲಿ ಮುಕ್ಕಾಲು ಭಾಗ ಬೆರೆಸಿಯೇ ತುಂಬಿಸಿ, ಮೂತಿ ತಲುಪುವಷ್ಟು ಮಟ್ಟ ಏರಿದ ಮೇಲೆ ಚಿತ್ರ ಶುರುಮಾಡಬೇಕಾಗುತ್ತದೆ. ಉಳಿದ ಅಷ್ಟು ಜಾಗದಲ್ಲಿ ಎರಡು ಪದರದ ಟ್ಯುಲಿಪ್ ಚೆನ್ನಾಗಿ ಕೂರುತ್ತದೆ. ಮುಚ್ಚಳ ಹಾಕುವ ಮುನ್ನ ಗಿರಾಕಿಗೆ ಒಮ್ಮೆ ತೋರಿಸಿ ಕೊಡುವ ಬರಿಸ್ಟಾಗಳನ್ನು ಕೆಫೆಗಳ ಕೌಂಟರಿನಲ್ಲಿ ಈಗ ನೋಡಬಹುದು.